ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಲ್ಲ

ವಾರ್ಷಿಕ ಚಂದಾ ಪಡೆದು ತಂತ್ರಾಂಶ ಒದಗಿಸುವ ಕಂಪನಿಗೆ ವರ್ಷದ ಹಣ ಮೊದಲೇ ಕೈಸೇರುತ್ತದೆ. ಸೇವೆ ಮಾತ್ರ ತಿಂಗಳಿಂದ ತಿಂಗಳಿಗೆ ಸಲ್ಲುತ್ತದೆ. ಮಾರ್ಚ್ 31ರಂದು ಇನ್ನೂ ಸಲ್ಲದ ಸೇವೆಯ ಹಣವು ಆದಾಯವಲ್ಲ, ಗ್ರಾಹಕನಿಗೆ ತೀರಿಸಬೇಕಾದ ಹೊಣೆ. ಅಢಾವೆ ಪತ್ರಿಕೆಯಲ್ಲಿ ಇದಕ್ಕೆ ‘ಮುಂದೂಡಿದ ಆದಾಯ’ವೆಂದು ಹೆಸರು. ಕಂಪನಿ ಕೊಟ್ಟ ಪಟ್ಟಿಯ ಗುಣಾಕಾರ ಭಾಗಾಕಾರಗಳನ್ನು ಮತ್ತೊಮ್ಮೆ ಮಾಡಿ, ಮೊತ್ತವು ಲೆಡ್ಜರಿಗೆ ತಾಳೆಯಾದೊಡನೆ ಈ ಬಾಕಿಯ ಪರಿಶೋಧನೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಕಂಪನಿಯೊಂದು ವ್ಯಾಪಾರಿಗೆ ಮೂರು ಸೇವೆಗಳನ್ನು ಒಟ್ಟಾಗಿ 1,20,000 ರೂಪಾಯಿಗೆ ಮಾರುತ್ತದೆ. ಬಿಡಿಯಾಗಿ ಕೊಂಡರೆ 12 ತಿಂಗಳ ಚಂದಾಕ್ಕೆ 96,000, ಹಳೆಯ ಲೆಕ್ಕಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸಲು 30,000, ಸಿಬ್ಬಂದಿಯ ತರಬೇತಿಗೆ 24,000, ಹೀಗೆ ಒಟ್ಟು 1,50,000 ರೂಪಾಯಿ. ಜನವರಿ 1ರಂದು ಬಿಲ್ಲಾಗಿ ಹಣವೂ ಸಂದಿತು. ವರ್ಗಾವಣೆ ಜನವರಿಯಲ್ಲಿ ಮುಗಿದು, ಫೆಬ್ರವರಿ 1ರಿಂದ 12 ತಿಂಗಳ ಚಂದಾ ಆರಂಭವಾಯಿತು. ತರಬೇತಿ ಏಪ್ರಿಲ್‌ಗೆ ನಿಗದಿಯಾಗಿದೆ.

ಕಂಪನಿಯು ಬಿಲ್ಲಿನಲ್ಲಿ ಇಡೀ ರಿಯಾಯಿತಿಯನ್ನು ಚಂದಾದ ಮೇಲೆಯೇ ಹಾಕಿ ಅದನ್ನು 66,000ಕ್ಕೆ ಇಳಿಸಿತು. ವರ್ಗಾವಣೆ, ತರಬೇತಿಗಳ 54,000 ರೂಪಾಯಿಯನ್ನು ಬಿಲ್ಲಿನ ದಿನವೇ ಆದಾಯಕ್ಕೆ ಬರೆದು, ಚಂದಾದಲ್ಲಿ ಮೂರು ತಿಂಗಳ ಪಾಲೆಂದು 16,500 ಸೇರಿಸಿತು. ಹೀಗೆ ಆದಾಯ 70,500, ಮುಂದೂಡಿದ ಆದಾಯ 49,500. ಪರಿಶೋಧಕರು ಎಷ್ಟು ಸಲ ಕೂಡಿದರೂ ಈ 49,500 ತಾಳೆಯಾಗುತ್ತದೆ.

2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಮಾನಕದ ಪ್ರಕಾರ, ಒಪ್ಪಂದದ ಬೆಲೆಯನ್ನು ಸಾಮಾನ್ಯವಾಗಿ ಸೇವೆಗಳ ಬಿಡಿ ಬೆಲೆಯ ಪ್ರಮಾಣದಲ್ಲಿ ಹಂಚಬೇಕು. ಇಲ್ಲಿ ರಿಯಾಯಿತಿ ಶೇ. 20, ಆದ್ದರಿಂದ ಚಂದಾಕ್ಕೆ 76,800, ವರ್ಗಾವಣೆಗೆ 24,000, ತರಬೇತಿಗೆ 19,200. ಮಾರ್ಚ್ 31ಕ್ಕೆ ಗಳಿಸಿದ್ದು ವರ್ಗಾವಣೆಯ 24,000 ಮತ್ತು ಎರಡು ತಿಂಗಳ ಚಂದಾ 12,800, ಒಟ್ಟು 36,800 ಮಾತ್ರ. ಉಳಿದ 83,200 ರೂಪಾಯಿ ಹೊಣೆ. ಒಂದೇ ಒಪ್ಪಂದದಲ್ಲಿ ಆದಾಯ 33,700 ರೂಪಾಯಿ ಹೆಚ್ಚಾಗಿ ತೋರಿದೆ. ತಪ್ಪು ಇದ್ದುದು ಕೂಡುವಿಕೆಯಲ್ಲಲ್ಲ. ಬೆಲೆಯ ಹಂಚಿಕೆಯಲ್ಲಿ, ಆರಂಭದ ದಿನಾಂಕದಲ್ಲಿ ಮತ್ತು ಕೊಡದ ತರಬೇತಿಯನ್ನು ಕೊಟ್ಟಂತೆ ಎಣಿಸಿದ್ದರಲ್ಲಿ.

ಈ ಮೂರೂ ಮುಂದೂಡಿದ ಆದಾಯದ ಪಟ್ಟಿಯಲ್ಲಿ ಕಾಣುವುದಿಲ್ಲ. ಹೊಣೆಗಾರಿಕೆಯ ಖಾತೆಯಲ್ಲಿ ಮುಖ್ಯ ಅಪಾಯವೆಂದರೆ ಇರಬೇಕಾದದ್ದು ಬಿಟ್ಟುಹೋಗುವುದು. ಮೇಲಿನ ತರಬೇತಿಯಂತೂ ಪಟ್ಟಿಗೇ ಬಂದಿರಲಿಲ್ಲ. ಪಟ್ಟಿಯಿಂದಲೇ ಮಾದರಿಗಳನ್ನು ಆರಿಸಿದರೆ ಪಟ್ಟಿಯಲ್ಲಿಲ್ಲದ್ದು ಎಂದಿಗೂ ಸಿಗದು. ಆದ್ದರಿಂದ ಪರೀಕ್ಷೆಯು ಸಹಿಯಾದ ಒಪ್ಪಂದಗಳಿಂದ ಮತ್ತು ಬಂದ ಹಣದಿಂದ ಆರಂಭವಾಗಿ ಬಾಕಿಯ ಕಡೆಗೆ ಸಾಗಬೇಕು. ಚಂದಾ ಆರಂಭಕ್ಕೆ ಬಿಲ್ಲಿನ ತಾರೀಖಲ್ಲ, ಗ್ರಾಹಕನಿಗೆ ಪ್ರವೇಶ ದೊರೆತ ದಿನದ ಗಣಕ ದಾಖಲೆ ಆಧಾರವಾಗಬೇಕು. ತರಬೇತಿಗೆ ಹಾಜರಾತಿ ಪಟ್ಟಿ, ಬಿಡಿ ಬೆಲೆಗೆ ಇತರ ಗ್ರಾಹಕರಿಗೆ ನಿಜವಾಗಿ ಬಿಡಿಯಾಗಿ ಮಾರಿದ ಬಿಲ್ಲುಗಳು. ಏಪ್ರಿಲ್, ಮೇ ತಿಂಗಳ ಕ್ರೆಡಿಟ್ ನೋಟ್‌ಗಳನ್ನೂ ನೋಡಿದರೆ ಮಾರ್ಚ್‌ನಲ್ಲಿ ಅವಸರದಿಂದ ಬರೆದ ಮಾರಾಟ ಹೊರಬೀಳುತ್ತದೆ. ಆದಾಯದ ಲೆಕ್ಕದಲ್ಲಿ ವಂಚನೆಯ ಅಪಾಯವುಂಟೆಂದು ಭಾವಿಸಿಯೇ ಹೊರಡಬೇಕೆಂದು ಪರಿಶೋಧನಾ ಮಾನಕ ಎಸ್‌ಎ 240 ಹೇಳುವುದೂ ಇದನ್ನೇ ಬೆಂಬಲಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ವಿವೇಚನೆ ಅನಿವಾರ್ಯ. ವರ್ಗಾವಣೆಯನ್ನು ಬೇರೆ ಸಂಸ್ಥೆಯೂ ಮಾಡಿಕೊಡಬಲ್ಲುದಾದರೆ ಅದನ್ನು ಪ್ರತ್ಯೇಕ ಸೇವೆಯೆಂದು ಎಣಿಸಲು ಆಧಾರವಿದೆ. ಆ ಕಂಪನಿಯ ಹೊರತು ಇತರರಿಂದ ಆಗದ, ಚಂದಾ ಇಲ್ಲದೆ ಉಪಯೋಗಕ್ಕೆ ಬಾರದ ಸಿದ್ಧತೆಯಾದರೆ, ಅದರ ಹಣವನ್ನು ಚಂದಾದೊಡನೆ ಸೇರಿಸಿ ಅವಧಿಯುದ್ದಕ್ಕೂ ಹರಡಬೇಕು. ಈ ತೀರ್ಮಾನಕ್ಕೆ ಕಾರಣವನ್ನು ಪರಿಶೋಧಕರು ಬರೆದಿಡಬೇಕು.

ಇದು ಸಾಫ್ಟ್‌ವೇರ್ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಯಂತ್ರದೊಡನೆ ಅಳವಡಿಕೆ ಮತ್ತು ವಾರ್ಷಿಕ ನಿರ್ವಹಣೆಯನ್ನು ಒಂದೇ ಬೆಲೆಗೆ ಮಾರುವ ಸಣ್ಣ ತಯಾರಕರ ಪುಸ್ತಕದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಇಂಡ್ ಎಎಸ್ ಅನ್ವಯಿಸದ ಸಂಸ್ಥೆಗಳು ಪಾಲಿಸುವ ಎಎಸ್ 9ರಲ್ಲಿ ಹಂಚಿಕೆಯ ಇಷ್ಟು ವಿವರವಾದ ಸೂತ್ರವಿಲ್ಲದಿದ್ದರೂ, ಸಲ್ಲಿಸದ ಸೇವೆಯನ್ನು ಆದಾಯವೆನ್ನಲು ಅಲ್ಲಿಯೂ ಅವಕಾಶವಿಲ್ಲ. ಒಂದು ವರ್ಷ ಹೀಗೆ ಮುಂಚಿತವಾಗಿ ತೋರಿಸಿದ ಲಾಭದ ಮೇಲೆ ತೆರಿಗೆ, ಲಾಭಾಂಶಗಳು ಹೊರಹೋದರೆ, ಮುಂದಿನ ವರ್ಷ ಸೇವೆಯ ಖರ್ಚು ಮಾತ್ರ ಉಳಿಯುತ್ತದೆ.