ಪರೀಕ್ಷೆ ಪಾಸಾದ ದಿನವೇ ಸಿಹಿ ಹಂಚಬೇಡಿ

ಅರಸೀಕೆರೆ ಕಡೆಯ ನಮ್ಮ ಗೆಳತಿಯ ಅಕ್ಕ ಅಮೆರಿಕದ ಪೌರತ್ವ ಪರೀಕ್ಷೆ ಪಾಸಾದ ದಿನ ಊರಲ್ಲಿ ಅವರಪ್ಪ ಮೈಸೂರ್‌ಪಾಕು ಹಂಚಿದರು. "ನಮ್ಮ ಹುಡುಗಿ ಅಲ್ಲಿಯವಳಾದಳು" ಎಂದು ಬಸ್‌ಸ್ಟ್ಯಾಂಡಿನಲ್ಲೆಲ್ಲ ಸುದ್ದಿ. ನಿಜ ಹೇಳಬೇಕೆಂದರೆ ಆ ದಿನ ಅವಳಿನ್ನೂ ಭಾರತದವಳೇ. ಮೂರು ವಾರದ ನಂತರ ಅವಳು ನಿಜಕ್ಕೂ ಅಲ್ಲಿಯವಳಾದಾಗ ಊರಿಗೆ ಗೊತ್ತೇ ಆಗಲಿಲ್ಲ. ಅದಾಗಿ ಒಂದು ವಾರಕ್ಕೆ ಅಪ್ಪ ತೋಟದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸನದ ಆಸ್ಪತ್ರೆ ಸೇರಿದರು. ಮಗಳು ಬರಲಾಗಲಿಲ್ಲ. ಕೈಯಲ್ಲಿ ದುಡ್ಡಿತ್ತು, ರಜೆಯೂ ಇತ್ತು. ವಿಮಾನ ಹತ್ತಲು ಬೇಕಾದ ಕಾಗದ ಮಾತ್ರ ಒಂದೂ ಇರಲಿಲ್ಲ.

ನಮ್ಮ ಹಳ್ಳಿಗಳಿಂದ ಹೋದವರ ಮನೆಯವರು ಪರೀಕ್ಷೆಗೆ ಹೆದರುತ್ತಾರೆ, ಪ್ರಮಾಣವಚನವನ್ನು ಬರೀ ಸಮಾರಂಭ ಅಂದುಕೊಳ್ಳುತ್ತಾರೆ. ನಮಗೆ ಕಾಣುವುದು ಅದರ ಉಲ್ಟಾ. ಪರೀಕ್ಷೆಯಲ್ಲಿ ತಪ್ಪಿದರೆ ಇನ್ನೊಂದು ಅವಕಾಶವಿದೆ. ಪ್ರಮಾಣವಚನ ಆದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ.

ಮೊದಲು ಪರೀಕ್ಷೆ ವಿಷಯ. ಇದು ನಮ್ಮ ಎಸ್ಸೆಸ್ಸೆಲ್ಸಿ ತರಹ ಹಾಲಿನಲ್ಲಿ ಕೂತು ಬರೆಯುವುದಲ್ಲ. ಒಬ್ಬ ಅಧಿಕಾರಿಯ ಎದುರು ಕೂತು ಬಾಯಲ್ಲೇ ಉತ್ತರ ಹೇಳಬೇಕು. ಅಕ್ಕ ಅರ್ಜಿ ಹಾಕಿದಾಗ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿಯಾದರೆ ಸಾಕು. 2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಪಟ್ಟಿ 128 ಪ್ರಶ್ನೆಗಳದ್ದು. ಅದರಲ್ಲಿ 20 ಕೇಳುತ್ತಾರೆ, 12 ಸರಿಯಾಗಬೇಕು. ಫೋನಿನ ಆಪ್‌ಗಳಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತಿಸುತ್ತಾರಲ್ಲ, ಅದನ್ನು ನಂಬಿ ಕೂತವರು ಅಲ್ಲಿ ತಡವರಿಸುತ್ತಾರೆ. ಅಧಿಕಾರಿ ಆಯ್ಕೆ ಕೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಪ್ರಶ್ನೆ ಓದಬೇಕು, ನೀವು ಜೋರಾಗಿ ಉತ್ತರ ಹೇಳಬೇಕು. ಅಭ್ಯಾಸ ಅಂದರೆ ಅದೇ. ಇನ್ನೊಂದು ಮಾತು: ಈಗಿನ ಸ್ಪೀಕರ್ ಯಾರು, ನಿಮ್ಮ ರಾಜ್ಯದ ಗವರ್ನರ್ ಯಾರು ಎಂಬಂಥ ಪ್ರಶ್ನೆಗಳ ಉತ್ತರ ಚುನಾವಣೆ ಆದಂತೆ ಬದಲಾಗುತ್ತದೆ. ಹಳೆಯ ವಿಡಿಯೋ ನೋಡಿ ಬಾಯಿಪಾಠ ಮಾಡಿದರೆ ಹಳೆಯ ಹೆಸರೇ ಬಾಯಿಗೆ ಬರುತ್ತದೆ.

ಅಕ್ಕನಿಗೆ ಕಷ್ಟವಾದದ್ದು ಇದ್ಯಾವುದೂ ಅಲ್ಲ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿಸಿದರು, ಒಂದು ಬರೆಸಿದರು, ಅದು ಸುಲಭ. ಆದರೆ ಅರ್ಜಿಯಲ್ಲಿ ಅವಳೇ 'ಹೌದು', 'ಇಲ್ಲ' ಎಂದು ತುಂಬಿದ್ದ ಪ್ರಶ್ನೆಗಳನ್ನು ಅಧಿಕಾರಿ ಮತ್ತೆ ಕೇಳಿ, ನಡುವೆ ಒಂದು ಪದದ ಅರ್ಥವನ್ನೂ ಕೇಳಿದರು. 'ಅಲಿಜನ್ಸ್' ಅಂದರೇನು? ನಿಷ್ಠೆ ಎಂದು ಕನ್ನಡದಲ್ಲಿ ಗೊತ್ತಿತ್ತು, ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಬೆವರಿದಳು. ಅರ್ಜಿಯ ಒಂದೊಂದು ಪ್ರಶ್ನೆಯನ್ನೂ ಸುಲಭ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಕಲಿತರೆ ಅರ್ಧ ಭಾರ ಇಳಿದಂತೆ. ಫೇಲಾದರೆ, ಯಾವ ಭಾಗದಲ್ಲಿ ಫೇಲೋ ಅದನ್ನು ಮಾತ್ರ 60ರಿಂದ 90 ದಿನದೊಳಗೆ ಮತ್ತೊಮ್ಮೆ ಕೇಳುತ್ತಾರೆ.

ಮಕ್ಕಳ ಜೊತೆ ಅಲ್ಲೇ ನೆಲೆಸಿರುವ ಹಿರಿಯರಿಗೆ ಒಂದು ಅನುಕೂಲವಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರ್ಜಿ ಹಾಕುವಾಗ ವಯಸ್ಸು 50 ಆಗಿ ಗ್ರೀನ್ ಕಾರ್ಡಿನ ಮೇಲೆ 20 ವರ್ಷ ಅಲ್ಲಿದ್ದರೆ, ಇಲ್ಲವೇ 55 ಆಗಿ 15 ವರ್ಷ ಇದ್ದರೆ, ಇಂಗ್ಲಿಷ್ ಪರೀಕ್ಷೆ ಇಲ್ಲ. ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಕೊಡಬಹುದು, ಭಾಷಾಂತರ ಮಾಡುವವರನ್ನು ಜೊತೆಗೆ ಕರೆದೊಯ್ಯಬೇಕು ಅಷ್ಟೆ. 65 ದಾಟಿ 20 ವರ್ಷ ಆಗಿದ್ದರೆ ಓದಬೇಕಾದದ್ದೂ 20 ಪ್ರಶ್ನೆ ಮಾತ್ರ.

ಈಗ ಆ ಇನ್ನೊಂದು ದಿನಕ್ಕೆ ಬರೋಣ. ಸಂದರ್ಶನ ಮುಗಿದಾಗ ಪಾಸು ಎಂದು ಒಂದು ಹಾಳೆ ಕೊಡುತ್ತಾರೆ. ಅದು ಪೌರತ್ವವಲ್ಲ. ಆಮೇಲೆ ಪ್ರಮಾಣವಚನಕ್ಕೆ ದಿನ ಗೊತ್ತುಮಾಡಿ ಎನ್-445 ಎಂಬ ನೋಟಿಸು ಬರುತ್ತದೆ. ಕೆಲವು ಕಚೇರಿಗಳಲ್ಲಿ ಸಂದರ್ಶನದ ದಿನವೇ ಪ್ರಮಾಣವಚನವನ್ನೂ ಮುಗಿಸಿಬಿಡುತ್ತಾರೆ, ಯೋಚಿಸಲು ಸಮಯವೇ ಸಿಗುವುದಿಲ್ಲ. ನೋಟಿಸಿನಲ್ಲಿ ಕೆಲವು ಪ್ರಶ್ನೆಗಳಿರುತ್ತವೆ. ಸಂದರ್ಶನ ಆದ ಮೇಲೆ ದೇಶ ಬಿಟ್ಟು ಹೋಗಿದ್ದಿರಾ, ಮದುವೆಯೋ ವಿಚ್ಛೇದನವೋ ಆಯಿತೆ, ಪೊಲೀಸರು ಹಿಡಿದರೆ ಅಥವಾ ದಂಡ ಹಾಕಿದರೆ ಎಂದು. ಉತ್ತರ ಆ ದಿನಕ್ಕೆ ನಿಜವಾಗಿರಬೇಕು. ಊರಿಗೆ ಬಂದುಹೋಗಿದ್ದನ್ನೂ ಮುಚ್ಚಿಡಬಾರದು.

ಅಂದು ಬಾಗಿಲಲ್ಲೇ ನೋಟಿಸು ನೋಡಿ, ಗ್ರೀನ್ ಕಾರ್ಡನ್ನು ವಾಪಸು ಪಡೆಯುತ್ತಾರೆ. ಆಮೇಲೆ ಎಲ್ಲರೂ ಎದ್ದು ನಿಂತು, ಬಲಗೈ ಎತ್ತಿ, ಒಬ್ಬರು ಹೇಳಿಕೊಟ್ಟಂತೆ ಹೇಳಬೇಕು. ಬೇರೆ ದೇಶದ ಮೇಲಿನ ನಿಷ್ಠೆಯನ್ನು ಪೂರ್ತಿ ಬಿಡುತ್ತೇನೆ ಎಂಬ ಮಾತು ಅದರಲ್ಲಿದೆ. ಅಕ್ಕ ಆ ಸಾಲಿನ ಹತ್ತಿರ ದನಿ ಬಿತ್ತು ಎಂದಳು. ಭಾರತದ ಕಾನೂನೂ ಅದನ್ನೇ ಹೇಳುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇರೆ ದೇಶದ ಪೌರತ್ವ ತಾನಾಗಿ ಪಡೆದವರ ಭಾರತದ ಪೌರತ್ವ ಅಲ್ಲಿಗೆ ಮುಗಿಯಿತು. ಯಾರೂ ಕಾಗದ ಕಳಿಸಿ ತಿಳಿಸುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಇನ್ನೂ ಐದು ವರ್ಷ ಇದ್ದರೂ ಅದರಲ್ಲಿ ಓಡಾಡುವಂತಿಲ್ಲ, ಓಡಾಡಿದರೆ ದಂಡ.

ಕೊನೆಗೆ ಕೈಗೆ ಸರ್ಟಿಫಿಕೇಟು ಬರುತ್ತದೆ. ಹೆಸರು, ಹುಟ್ಟಿದ ದಿನ ಸರಿಯಿದೆಯೇ ಎಂದು ಹಾಲ್ ಬಿಡುವ ಮುಂಚೆಯೇ ನೋಡಬೇಕು. ಅಪ್ಪನ ಹೆಸರು, ಊರಿನ ಹೆಸರು ಇನಿಶಿಯಲ್ಲಾಗಿರುವ ನಮ್ಮವರಿಗಂತೂ ಇದು ಮುಖ್ಯ. ಯಾವುದು ಹೆಸರು, ಯಾವುದು ಮನೆತನದ ಹೆಸರು ಎಂದು ಅಲ್ಲಿಯವರಿಗೆ ತಿಳಿಯದೆ ಅದಲುಬದಲಾಗುವುದುಂಟು.

ಅಕ್ಕ ಎಡವಿದ್ದು ಇಲ್ಲಿ. ಮಾರನೆಯ ದಿನ ಅಮೆರಿಕದ ಪಾಸ್‌ಪೋರ್ಟಿಗೆ ಮಾಮೂಲಿ ಅರ್ಜಿ ಹಾಕಿದಳು. ಅದರ ಜೊತೆ ಸರ್ಟಿಫಿಕೇಟಿನ ಅಸಲನ್ನೇ ಕೊಡಬೇಕು, ಕೊಟ್ಟಳು. ಗ್ರೀನ್ ಕಾರ್ಡ್ ಹೋಗಿತ್ತು, ಸರ್ಟಿಫಿಕೇಟು ಅರ್ಜಿಯ ಜೊತೆ ಹೋಯಿತು, ಭಾರತದ ಪಾಸ್‌ಪೋರ್ಟು ಬರೀ ಪುಸ್ತಕ. ಅಪ್ಪ ಬಿದ್ದ ಸುದ್ದಿ ಬಂದದ್ದು ಆ ಹೊತ್ತಿನಲ್ಲಿ. ಪಾಸ್‌ಪೋರ್ಟ್ ಇಲಾಖೆಗೆ ಫೋನು ಮಾಡಿ, ತಂದೆಯ ಆಸ್ಪತ್ರೆ ಕಾಗದ ತೋರಿಸಿ ತುರ್ತು ಪಾಸ್‌ಪೋರ್ಟು ಪಡೆದಳು. ಅಷ್ಟೂ ಸಾಲದು, ಸ್ವಂತ ಊರಿಗೆ ಬರಲು ವೀಸಾ ಬೇಕು. ಹನ್ನೆರಡನೆಯ ದಿನ ಬಂದಳು. ಅಷ್ಟರಲ್ಲಿ ಆಪರೇಷನ್ ಮುಗಿದಿತ್ತು, ಸಹಿ ಹಾಕಿದವನು ಪಕ್ಕದ ತೋಟದ ಹುಡುಗ.

ಹಾಗಾಗಿ ನೋಟಿಸು ಬಂದ ದಿನ ಮೊದಲ ಫೋನು ಊರಿಗೆ ಹೋಗಬೇಕು ಎನ್ನುತ್ತೇವೆ ನಾವು. ಅಪ್ಪ ಅಮ್ಮನ ಆರೋಗ್ಯ ಹೇಗಿದೆ, ಆಪರೇಷನ್, ಮದುವೆ, ಜಮೀನಿನ ಪಾಲು ಏನಾದರೂ ಹತ್ತಿರವಿದೆಯೇ ಎಂದು ಕೇಳಿ. ಇದ್ದರೆ ಕಾರಣ ಬರೆದು ನೋಟಿಸನ್ನು ವಾಪಸು ಕಳಿಸಿ ಬೇರೆ ದಿನ ಕೇಳಬಹುದು. ಹೇಳದೆ ಕೇಳದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡರೆ ಮಾತ್ರ ಅರ್ಜಿಗೇ ಕುತ್ತು. ಪ್ರಮಾಣವಚನಕ್ಕೆ ಮುಂಚೆ ಭಾರತದ ಪಾಸ್‌ಪೋರ್ಟು, ಗ್ರೀನ್ ಕಾರ್ಡ್ ಎರಡೂ ಚಾಲ್ತಿಯಲ್ಲಿರುತ್ತವೆ, ಬಂದು ಹೋಗಲು ಅಡ್ಡಿಯಿಲ್ಲ.

ಜಮೀನಿನ ಮಾತು ಎತ್ತಿದ್ದಕ್ಕೂ ಕಾರಣವಿದೆ. ಅಮೆರಿಕದವರಾದ ಮೇಲೆ ಭಾರತದ ಪಾಸ್‌ಪೋರ್ಟು ಒಪ್ಪಿಸಿ, ಓಸಿಐ ಕಾರ್ಡು ಮಾಡಿಸಿಕೊಂಡರೆ ವೀಸಾದ ತಲೆನೋವು ತಪ್ಪುತ್ತದೆ. ಆದರೆ ಆ ಕಾರ್ಡಿನ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಓಟೂ ಇಲ್ಲ. ಅಪ್ಪನಿಂದ ವಾರಸಿನಲ್ಲಿ ಬರುವ ತೋಟಕ್ಕೆ ತಡೆಯಿಲ್ಲ. ಅರಸೀಕೆರೆ ಅಕ್ಕ ಪಕ್ಕದ ಎರಡು ಎಕರೆ ಕೊಳ್ಳಬೇಕೆಂದು ಮುಂಗಡ ಮಾತಾಡಿದ್ದಳು. ಅದೀಗ ತಮ್ಮನ ಹೆಸರಿಗೆ ಆಗಿದೆ.