ನೆಗಡಿ ಮಾತ್ರೆಯ ಹೆಸರಿನ ಕೊನೆಯ ಅಕ್ಷರ

ಚಳಿಗಾಲದಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗಿ ಬರುವ ನಮ್ಮ ಹಿರಿಯರಲ್ಲಿ ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಕಡಿಮೆಯೇನಲ್ಲ. ಅಲ್ಲಿನ ಔಷಧದಂಗಡಿಗಳಲ್ಲಿ ಅಲರ್ಜಿ ಮಾತ್ರೆಗಳು ಎರಡು ಬಗೆಯಲ್ಲಿ ದೊರೆಯುತ್ತವೆ. ಒಂದು, ಬರಿಯ ಲೊರಾಟಡಿನ್ ಅಥವಾ ಸೆಟಿರಿಜಿನ್. ಇನ್ನೊಂದು, ಅದೇ ಹೆಸರಿನ ಮುಂದೆ ‘ಡಿ’ ಎಂಬ ಅಕ್ಷರವನ್ನು ಸೇರಿಸಿಕೊಂಡದ್ದು. ಆ ‘ಡಿ’ ಸೂಚಿಸುವುದು ಕಟ್ಟಿದ ಮೂಗನ್ನು ತೆರೆಯುವ ಸ್ಯೂಡೋಎಫೆಡ್ರಿನ್ ಎಂಬ ಔಷಧವನ್ನು.

ನೆಗಡಿಯಾದಾಗ ಮೂಗಿನ ಒಳಪೊರೆಯ ರಕ್ತನಾಳಗಳು ಹಿಗ್ಗಿ ಪೊರೆ ಊದಿಕೊಳ್ಳುತ್ತದೆ. ಸ್ಯೂಡೋಎಫೆಡ್ರಿನ್ ನರತುದಿಗಳಿಂದ ನಾರ್‌ಅಡ್ರಿನಲಿನ್ ಬಿಡುಗಡೆಯಾಗುವಂತೆ ಮಾಡಿ ಆ ನಾಳಗಳನ್ನು ಬಿಗಿಗೊಳಿಸುತ್ತದೆ. ಆದರೆ ನುಂಗಿದ ಮಾತ್ರೆಗೆ ಮೂಗು ಯಾವುದು, ಮಿಕ್ಕ ದೇಹ ಯಾವುದು ಎಂಬ ಭೇದ ತಿಳಿಯದು. ಕೈಕಾಲಿನ ರಕ್ತನಾಳಗಳೂ ಬಿಗಿಯುತ್ತವೆ, ಹೃದಯದ ಬಡಿತವೂ ಚುರುಕಾಗುತ್ತದೆ.

ಎಷ್ಟರ ಮಟ್ಟಿಗೆ? 2005ರಲ್ಲಿ ಪ್ರಕಟವಾದ, 24 ಪ್ರಯೋಗಗಳ ಒಟ್ಟು ವಿಶ್ಲೇಷಣೆಯ ಪ್ರಕಾರ ಮೇಲಿನ ರಕ್ತದೊತ್ತಡ ಸರಾಸರಿ 1 ಮಿ.ಮೀ.ನಷ್ಟು, ನಾಡಿಮಿಡಿತ ನಿಮಿಷಕ್ಕೆ ಸುಮಾರು 3ರಷ್ಟು ಏರುತ್ತದೆ. ಇದನ್ನು ಮುಂದಿಟ್ಟುಕೊಂಡು ಭಯಕ್ಕೆ ಕಾರಣವಿಲ್ಲವೆಂದು ವಾದಿಸುವವರಿದ್ದಾರೆ. ಒತ್ತಡ ಹತೋಟಿಯಲ್ಲಿರುವ ಬಹುಪಾಲು ಮಂದಿಯ ಮಟ್ಟಿಗೆ ಆ ವಾದ ತಪ್ಪಲ್ಲ. ಆದರೆ ಸರಾಸರಿಯೆಂಬುದು ಏನೂ ಏರದವರನ್ನೂ ಬಹಳ ಏರಿದವರನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ. ಔಷಧದ ಪ್ರಮಾಣ ಹೆಚ್ಚಿದಂತೆ ಪರಿಣಾಮವೂ ಹೆಚ್ಚುವುದನ್ನು ಅದೇ ವಿಶ್ಲೇಷಣೆ ಗುರುತಿಸಿದೆ.

ವೈದ್ಯನಾದ ನನ್ನ ಬಳಿಗೆ ಬಂದ 68 ವರ್ಷದ ನಿವೃತ್ತರೊಬ್ಬರ ಪ್ರಸಂಗವನ್ನು ಹೇಳಬೇಕು. ಆಮ್ಲೋಡಿಪಿನ್ 5 ಮಿ.ಗ್ರಾಂ. ಸೇವನೆಯಿಂದ ಅವರ ಒತ್ತಡ 130ರ ಆಸುಪಾಸಿನಲ್ಲಿತ್ತು. ಹಿಂದೊಮ್ಮೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ಕಂಪಿಸುವ ತೊಂದರೆಯೂ ಕಾಣಿಸಿಕೊಂಡಿತ್ತು. ಮಗನ ಮನೆಯಲ್ಲಿ ನೆಗಡಿಯಾಗಿ, 120 ಮಿ.ಗ್ರಾಂ. ಸ್ಯೂಡೋಎಫೆಡ್ರಿನ್ ಇರುವ ‘ಡಿ’ ಮಾತ್ರೆಯನ್ನು ದಿನಕ್ಕೆರಡರಂತೆ ತೆಗೆದುಕೊಂಡರು. ಜೊತೆಗೆ ಎಂದಿನ ಮೂರು ಲೋಟ ಕಾಫಿ. ಮೂರನೆಯ ದಿನ ಒತ್ತಡ 164/96 ಮುಟ್ಟಿತು. ರಾತ್ರಿ ನಿದ್ರೆಯಿಲ್ಲ, ಎದೆ ಡವಗುಟ್ಟುತ್ತಿತ್ತು. ಪ್ರಯಾಣದ ಆಯಾಸವೆಂದು ಭಾವಿಸಿದ ಮನೆಯವರು ಆಮ್ಲೋಡಿಪಿನ್ ಅನ್ನು ದುಪ್ಪಟ್ಟು ಮಾಡಿದರು. ನೆಗಡಿ ಮಾತ್ರೆ ಮುಗಿದ ಮೇಲೂ ಅದು ಹಾಗೆಯೇ ಮುಂದುವರಿಯಿತು. ಊರಿಗೆ ಮರಳಿದಾಗ ಅವರ ದೂರು ಎದೆಬಡಿತವಲ್ಲ, ಎದ್ದು ನಿಂತರೆ ತಲೆಸುತ್ತು. ಒತ್ತಡ 104ಕ್ಕೆ ಇಳಿದಿತ್ತು. ಸೇವಿಸಿದ ಔಷಧಗಳ ಪಟ್ಟಿ ಕೇಳಿದಾಗ ಅವರು ನೆಗಡಿ ಮಾತ್ರೆಯನ್ನು ಹೇಳಲೇ ಇಲ್ಲ. ಅದನ್ನು ಔಷಧವೆಂದು ಅವರು ಎಣಿಸಿರಲಿಲ್ಲ.

ಇಂಥ ಪ್ರಸಂಗದಲ್ಲಿ ಕಾರಣವನ್ನು ತಿಳಿಯುವ ದಾರಿ ಸರಳ. ಏರಿಕೆ ಶುರುವಾದ ದಿನವನ್ನೂ ಮಾತ್ರೆ ಶುರುವಾದ ದಿನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೂತ್ರಪಿಂಡ ಸರಿಯಿದ್ದರೆ ಮಾತ್ರೆ ನಿಲ್ಲಿಸಿದ ಒಂದೆರಡು ದಿನಗಳಲ್ಲಿ ಔಷಧ ದೇಹದಿಂದ ಹೊರಹೋಗುತ್ತದೆ. ಒತ್ತಡವೂ ಹಿಂದಿನ ಮಟ್ಟಕ್ಕೆ ಬಂದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ತಾಳದ ತೊಂದರೆಯುಳ್ಳವರು ಮಾತ್ರ ಈ ಪರೀಕ್ಷೆಗೆ ಕಾಯಬಾರದು. ಮಣಿಕಟ್ಟಿನ ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿದ್ದರೆ ಕೂಡಲೇ ಇಸಿಜಿ ಮಾಡಿಸಬೇಕು. ಒಮ್ಮೆ ತಾಳ ತಪ್ಪಿದ ಹೃದಯಕ್ಕೆ ಇಂಥ ಪ್ರಚೋದನೆ ಬೇಡವೆಂಬುದೇ ನನ್ನ ನಿಲುವು.

ಅಮೆರಿಕದಲ್ಲಿ ಈ ಮಾತ್ರೆಗೆ ಗುರುತಿನ ಚೀಟಿ ತೋರಿಸಬೇಕು. ಗಿರಾಕಿಯ ಹೃದಯದ ಕಾಳಜಿ ಅದಕ್ಕೆ ಕಾರಣವಲ್ಲ. ಇದರಿಂದ ಮೆತಾಂಫೆಟಮಿನ್ ಎಂಬ ಮಾದಕವನ್ನು ತಯಾರಿಸಬಹುದಾದ್ದರಿಂದ 2006ರಲ್ಲಿ ಬಂದ ಕಾನೂನದು. ರೋಗಿಯ ದೃಷ್ಟಿಯಿಂದ ಕಟ್ಟುನಿಟ್ಟಿನ ಹೆಜ್ಜೆಯಿಟ್ಟದ್ದು ಯುರೋಪಿನ ಔಷಧ ಸಂಸ್ಥೆ. ಮಿದುಳಿನ ರಕ್ತನಾಳಗಳು ಸೆಟೆದುಕೊಳ್ಳುವ ಅಪರೂಪದ ಪ್ರಕರಣಗಳನ್ನು ಪರಿಶೀಲಿಸಿದ ಅದು, ತೀವ್ರ ಅಥವಾ ಹತೋಟಿಗೆ ಬಾರದ ರಕ್ತದೊತ್ತಡವಿರುವವರೂ ತೀವ್ರ ಮೂತ್ರಪಿಂಡ ರೋಗಿಗಳೂ ಇದನ್ನು ಸೇವಿಸಕೂಡದೆಂದು 2024ರ ಆರಂಭದಲ್ಲಿ ಹೇಳಿತು.

ನಮ್ಮ ದೇಶದ ನೆಗಡಿ ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಫಿನೈಲೆಫ್ರಿನ್. ನುಂಗಿದರೆ ಅದು ಮೂಗು ತೆರೆಯುವುದೇ ಇಲ್ಲವೆಂದು ಅಮೆರಿಕದ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ತೀರ್ಮಾನಿಸಿತು. ಹಾಗೆಂದು ಪರದೇಶದಿಂದ ತಂದ ‘ಡಿ’ ಡಬ್ಬಿಯನ್ನು ಬಂಧುಗಳಿಗೆ ಹಂಚುವುದು ಪರಿಹಾರವಲ್ಲ. ಒತ್ತಡವಿರುವವರಿಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು, ಅಲರ್ಜಿಯಾದರೆ ‘ಡಿ’ ಇಲ್ಲದ ಮಾತ್ರೆ ಅಥವಾ ವೈದ್ಯರು ಹೇಳಿದ ಸ್ಟೀರಾಯ್ಡ್ ಸ್ಪ್ರೇ ಸಾಕಾಗುತ್ತದೆ. ಈಗಾಗಲೇ ‘ಡಿ’ ಮಾತ್ರೆ ನುಂಗಿದವರಿಗೆ ಹಠಾತ್ತನೆ ಸಿಡಿಯುವಂಥ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಅಥವಾ ಗೊಂದಲ ಕಾಣಿಸಿಕೊಂಡರೆ, ಮಾತ್ರೆಯ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಬೇಕು.