ಇಂಗುಗುಂಡಿಯ ಲೆಕ್ಕ ಗುಂಡಿಯೊಳಗೇ ಸಿಗಬೇಕು

ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್ ಪಟ್ಟಿಗಳಲ್ಲಿ ಮೂರು ವಿಷಯಗಳು ಪ್ರತಿವರ್ಷ ಮರಳಿ ಬರುತ್ತವೆ: ಮಳೆನೀರು ಇಂಗಿಸುವುದು, ಅಗ್ಗದ ಕಟ್ಟಡ ಸಾಮಗ್ರಿ, ಸಣ್ಣ ಸೇತುವೆಯ ಮಾದರಿ. ಮೂರೂ ನಮ್ಮ ಊರುಗಳಿಗೆ ಬೇಕಾದವೇ. ಆದರೆ ರಿಪೋರ್ಟಿನ ಕೊನೆಯಲ್ಲಿ ಬರುವ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿದರೆ, ಅದು ಹೆಚ್ಚಾಗಿ ಕೋಷ್ಟಕದಿಂದಲೇ ಬಂದಿರುತ್ತದೆ, ನೆಲದಿಂದಲ್ಲ. ಈ ಕೊರತೆ ಅತಿ ಸ್ಪಷ್ಟವಾಗಿ ಕಾಣುವುದು ಇಂಗುಗುಂಡಿಯಲ್ಲಿ.

ಕೋಲಾರದ ಕಡೆಯ ಒಂದು ಹಾಸ್ಟೆಲ್ ಕಟ್ಟಡವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಾರಸಿ 500 ಚದರ ಮೀಟರ್, ವರ್ಷದ ಮಳೆ ಸುಮಾರು 750 ಮಿಲಿಮೀಟರ್. ಬಿದ್ದ ಮಳೆಯಲ್ಲಿ ಹತ್ತರಲ್ಲಿ ಎಂಟು ಪಾಲು ಕೊಳವೆಗೆ ಇಳಿಯುತ್ತದೆ ಎಂದುಕೊಂಡರೆ ವರ್ಷಕ್ಕೆ 3 ಲಕ್ಷ ಲೀಟರ್. ಬಹುಪಾಲು ವಿದ್ಯಾರ್ಥಿ ತಂಡಗಳು ಇಲ್ಲಿಗೆ ನಿಲ್ಲಿಸುತ್ತವೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಗುಂಡಿ ತೋಡಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದ ಚಿತ್ರ ಬರೆದು, ಇದು ವರ್ಷಕ್ಕೆ 3 ಲಕ್ಷ ಲೀಟರ್ ನೀರನ್ನು ಇಂಗಿಸುತ್ತದೆ ಎಂದು ಮುಗಿಸುತ್ತವೆ.

ಮಳೆ ವರ್ಷದ ಸರಾಸರಿಯಂತೆ ಸುರಿಯುವುದಿಲ್ಲ. ಆಗಸ್ಟ್ ಅಥವಾ ಸೆಪ್ಟೆಂಬರಿನ ಒಂದು ಸಂಜೆ ಗಂಟೆಯೊಳಗೆ 30 ಮಿಲಿಮೀಟರ್ ಬಿತ್ತೆನ್ನಿ. ಅದೇ ತಾರಸಿಯಿಂದ 12 ಸಾವಿರ ಲೀಟರ್ ಇಳಿಯುತ್ತದೆ. ಗುಂಡಿಯ ಗಾತ್ರ 10 ಘನ ಮೀಟರ್ ಆದರೂ ಕಲ್ಲು, ಜಲ್ಲಿಗಳ ನಡುವಿನ ಖಾಲಿ ಜಾಗ ಹೆಚ್ಚೆಂದರೆ ಶೇ 40. ಹಾಗಾಗಿ ಅದು ಹಿಡಿಯುವುದು 4 ಸಾವಿರ ಲೀಟರ್ ಮಾತ್ರ. ಉಳಿದ ನೀರು ಆ ಗಂಟೆಯೊಳಗೇ ಮಣ್ಣಿಗೆ ಇಳಿಯಬೇಕು. ಅಂಟುಗುಣ ಹೆಚ್ಚಿರುವ ಕೆಂಪುಮಣ್ಣು ಗಂಟೆಗೆ 10 ಮಿಲಿಮೀಟರ್ ನೀರು ಕುಡಿಯುತ್ತದೆ ಎಂದುಕೊಂಡರೆ, ತಳ ಮತ್ತು ನಾಲ್ಕು ಗೋಡೆ ಸೇರಿ 24 ಚದರ ಮೀಟರ್ ಮೂಲಕ ಗಂಟೆಗೆ ಇಳಿಯುವುದು 240 ಲೀಟರ್. ಹತ್ತಿರ ಹತ್ತಿರ 8 ಸಾವಿರ ಲೀಟರ್ ಉಕ್ಕಿ ಚರಂಡಿ ಸೇರುತ್ತದೆ. ನೀರು ತಗ್ಗಿದಂತೆ ಒದ್ದೆಯಾದ ಗೋಡೆಯೂ ಕಡಿಮೆಯಾಗುವುದರಿಂದ, ಗುಂಡಿ ಪೂರ್ತಿ ಖಾಲಿಯಾಗಲು ಸುಮಾರು ಒಂದೂವರೆ ದಿನ ಬೇಕು. ಮರುದಿನ ಸಂಜೆಯೂ ಮಳೆ ಬಂದರೆ ಅದರ ಬಹುಪಾಲು ಮೇಲೆಯೇ ಹರಿದುಹೋಗುತ್ತದೆ.

ಅದೇ ಹಾಸ್ಟೆಲ್‌ಗೆ ಕಲ್ಲು ತುಂಬದೆ ರಿಂಗ್ ಇಳಿಸಿದ, ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಆಳದ ಎರಡು ಇಂಗುಬಾವಿಗಳನ್ನು ತೋಡಿದರೆ ಒಂದೊಂದೂ ಸುಮಾರು 7 ಸಾವಿರ ಲೀಟರ್ ಹಿಡಿಯುತ್ತದೆ. ಆ ಸಂಜೆಯ ಮಳೆ ಪೂರ್ತಿ ಒಳಗೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಮಣ್ಣುವಡ್ಡರ ಸಮುದಾಯದವರು ಇಂಥ ಬಾವಿಗಳನ್ನು ತೋಡುತ್ತಲೇ ಬಂದಿದ್ದಾರೆ. ಎಷ್ಟು ಅಡಿಗೆ ಅಂಟುಮಣ್ಣು ಮುಗಿದು ನೀರು ಕುಡಿಯುವ ಗರಸುಮಣ್ಣು ಸಿಗುತ್ತದೆ ಎಂಬ ಅವರ ತಿಳಿವಳಿಕೆಯನ್ನು ಒಂದು ಪ್ರಾಜೆಕ್ಟ್ ದಾಖಲಿಸಿದರೂ ಅದು ಗಟ್ಟಿ ಕೆಲಸ.

ಗುಂಡಿಯ ನೀರು ಇಂಗುವ ಲೆಕ್ಕ ನಿಂತಿರುವುದು ಗಂಟೆಗೆ 10 ಮಿಲಿಮೀಟರ್ ಎಂಬ ಒಂದು ಅಂಕಿಯ ಮೇಲೆ. ಅದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಗುಂಡಿ ಬರಬೇಕಾದ ಆಳದಲ್ಲೇ ಒಂದು ಅಡಿ ಚದರದ ಕುಳಿ ತೋಡಿ, ಹಿಂದಿನ ರಾತ್ರಿಯೇ ನೀರು ತುಂಬಿ ನೆನೆಸಿಡಬೇಕು. ಒಣ ಮಣ್ಣು ಮೊದಲಿಗೆ ಗಟಗಟ ಕುಡಿಯುತ್ತದೆ. ಆ ವೇಗವನ್ನು ನಂಬಿದರೆ ಮೋಸ ಹೋದಂತೆಯೇ. ಬೆಳಿಗ್ಗೆ ಒಂದು ಅಡಿ ನೀರು ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ಮಟ್ಟ ಗುರುತಿಸಿ, ಮತ್ತೆ ಅಡಿ ಮಟ್ಟಕ್ಕೆ ತುಂಬುತ್ತಾ ಹೋಗಬೇಕು. ಇಳಿತ ಒಂದೇ ಸಮನಾದ ಮೇಲಿನ ಅಂಕಿಯೇ ನಿಜವಾದದ್ದು. ಇನ್ನೊಂದು ಎಚ್ಚರಿಕೆಯೂ ಬೇಕು. ಕುಳಿಯ ನೀರು ತಳದಿಂದ ಮಾತ್ರವಲ್ಲ, ನಾಲ್ಕೂ ಗೋಡೆಗಳಿಂದ ಇಂಗುತ್ತದೆ. ತಳ ಒಂದು ಚದರ ಅಡಿ, ಗೋಡೆಗಳು ಒಟ್ಟು ನಾಲ್ಕು ಚದರ ಅಡಿ. ಆದ್ದರಿಂದ ಗಂಟೆಗೆ ಮಟ್ಟ 50 ಮಿಲಿಮೀಟರ್ ಇಳಿದರೆ ಮಣ್ಣು ನಿಜವಾಗಿ ಕುಡಿದದ್ದು 10 ಮಿಲಿಮೀಟರ್. ಈ ಭಾಗಾಕಾರ ಮರೆತ ರಿಪೋರ್ಟ್ ಐದು ಪಟ್ಟು ಸುಳ್ಳು ಹೇಳುತ್ತದೆ.

ಗುಂಡಿ ಕಟ್ಟಿದ ಮೇಲೂ ಅಳತೆ ನಿಲ್ಲಬಾರದು. ಕಲ್ಲು ತುಂಬುವಾಗಲೇ ತೂತು ಕೊರೆದ ಪಿವಿಸಿ ಪೈಪೊಂದನ್ನು ತಳದವರೆಗೆ ನಿಲ್ಲಿಸಿದರೆ, ಮಳೆ ನಿಂತ ಮೇಲೆ ಟೇಪ್ ಇಳಿಸಿ ನೀರಿನ ಮಟ್ಟ ನೋಡಬಹುದು. ಜೂನ್‌ನಲ್ಲಿ ಒಂದೂವರೆ ದಿನಕ್ಕೆ ಖಾಲಿಯಾಗುತ್ತಿದ್ದ ಗುಂಡಿಗೆ ಅಕ್ಟೋಬರ್‌ನಲ್ಲಿ ನಾಲ್ಕು ದಿನ ಬೇಕಾದರೆ ಹೂಳು ಕಟ್ಟಿರುವ ಸಾಧ್ಯತೆ ಹೆಚ್ಚು. ತಾರಸಿಯ ಎಲೆ, ದೂಳು ಮತ್ತು ಅಂಗಳದ ಕೆಸರುನೀರು ಮೇಲಿನ ಮರಳಿನ ಪದರವನ್ನು ಮುಚ್ಚಿರುತ್ತವೆ. ಆ ಪದರವನ್ನು ತೆಗೆದು ತೊಳೆದು ಹಾಕಿದ ಮೇಲೆ ವೇಗ ಮರಳಿತೇ ಎಂಬುದನ್ನೂ ಅದೇ ಪೈಪ್ ಹೇಳುತ್ತದೆ. ಇನ್ನು, ಒಂದು ಮಳೆಗಾಲದ ನಂತರ ಪಕ್ಕದ ಕೊಳವೆಬಾವಿಯ ಮಟ್ಟ ಏರಿತು ಎಂದು ಗುಂಡಿಗೆ ಶ್ರೇಯ ಕೊಡುವ ಮೊದಲು, ಗುಂಡಿಯಿಲ್ಲದ ಇನ್ನೊಂದು ಕೊಳವೆಬಾವಿಯ ಮಟ್ಟವನ್ನೂ ಪಂಪ್ ಹಾಕುವ ಮುಂಚೆ ಬೆಳಗಿನ ಜಾವ ಅಳೆದಿರಬೇಕು. ಒಳ್ಳೆಯ ಮಳೆಯಾದ ವರ್ಷ ಎರಡೂ ಏರುತ್ತವೆ.

ಈ ಅಳತೆಗಳು ತಪ್ಪಿಹೋಗುತ್ತಿರುವುದು ವಿದ್ಯಾರ್ಥಿಗಳ ಸೋಮಾರಿತನದಿಂದಲ್ಲ. ಹಲವು ಕಾಲೇಜುಗಳಲ್ಲಿ ಪ್ರಾಜೆಕ್ಟಿನ ಮುಖ್ಯ ಭಾಗ ನಡೆಯುವುದು ಎಂಟನೇ ಸೆಮಿಸ್ಟರ್‌ನಲ್ಲಿ, ಅಂದರೆ ಬೇಸಿಗೆಯಲ್ಲಿ. ಗುಂಡಿಗೆ ಮೊದಲ ಮಳೆನೀರು ಬರುವ ಹೊತ್ತಿಗೆ ಅದನ್ನು ತೋಡಿದವರು ಕಾಲೇಜು ಬಿಟ್ಟಿರುತ್ತಾರೆ. ಒಂದು ತಂಡ ತೋಡಿದ ಗುಂಡಿಯನ್ನು ಮುಂದಿನ ವರ್ಷದ ತಂಡ ಅಳೆಯುವಂತೆ ವಿಭಾಗಗಳು ವ್ಯವಸ್ಥೆ ಮಾಡಬೇಕು. ಹಳೆಯ ವಿಷಯ ಎಂದು ಆ ತಂಡವನ್ನು ತಳ್ಳಿಹಾಕುವ ರೂಢಿ ಹೋಗಬೇಕು. ನನ್ನ ದೃಷ್ಟಿಯಲ್ಲಿ ಎರಡನೇ ತಂಡದ ಕೆಲಸಕ್ಕೇ ಹೆಚ್ಚು ಬೆಲೆ.

ಅಗ್ಗದ ಸಾಮಗ್ರಿಯ ಪ್ರಾಜೆಕ್ಟ್‌ಗಳಲ್ಲೂ ಸುಲಭದ ಅಂಕಿಯ ಆಸೆ ಇದೆ. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸಿಮೆಂಟ್ ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಇಂದು ಅದನ್ನು ಕೈಗೆತ್ತಿಕೊಳ್ಳುವ ತಂಡಗಳು ಒಣಗಿದ ಇಟ್ಟಿಗೆಯನ್ನು ಯಂತ್ರದಡಿ ಇಟ್ಟು ಬಂದ ಬಲವನ್ನು ಬರೆದುಬಿಡುತ್ತವೆ. ಮಣ್ಣಿನ ಇಟ್ಟಿಗೆಯ ಯೋಗ್ಯತೆ ತಿಳಿಯುವುದು ಎರಡು ದಿನ ನೀರಲ್ಲಿ ಮುಳುಗಿಸಿ ಒತ್ತಿದಾಗ. ಬಲ ಆಗ ಅರ್ಧಕ್ಕೂ ಇಳಿಯಬಹುದು. ಅದರಲ್ಲೂ ಕಪ್ಪು ಎರೆಮಣ್ಣಾದರೆ ಸಿಮೆಂಟ್ ಒಂದರಿಂದಲೇ ಅದರ ಹಿಗ್ಗು ತಡೆಯುವುದು ಕಷ್ಟ, ಸುಣ್ಣವೂ ಬೇಕಾಗುತ್ತದೆ.

ಸೇತುವೆ ಮಾದರಿಯದು ಇನ್ನೊಂದು ಬಗೆಯ ತೊಡಕು. ಐಸ್‌ಕ್ರೀಮ್ ಕಡ್ಡಿಯ ಟ್ರಸ್ ಐವತ್ತು ಕಿಲೋ ಹೊತ್ತರೆ ಚಪ್ಪಾಳೆ ಬೀಳುತ್ತದೆ. ಆದರೆ ಅದೇ ಸಾಮಗ್ರಿಯಲ್ಲಿ ಸೇತುವೆಯ ಎಲ್ಲ ಅಳತೆಗಳನ್ನು ಐವತ್ತು ಪಟ್ಟು ಹಿಗ್ಗಿಸಿದರೆ ಸ್ವಂತ ತೂಕದಿಂದ ಬೀಳುವ ಒತ್ತಡವೂ ಐವತ್ತು ಪಟ್ಟು ಏರುತ್ತದೆ. ಮಾದರಿಯಲ್ಲಿ ಕಾಣಿಸದ ಆ ಭಾರ ನಿಜವಾದ ಸೇತುವೆಯ ಮುಖ್ಯ ಹೊರೆಗಳಲ್ಲೊಂದು. ಯಾವ ಕಡ್ಡಿ ಮೊದಲು ಬಾಗಿತು, ಲೆಕ್ಕವೂ ಅದನ್ನೇ ಹೇಳಿತ್ತೇ ಎಂದು ಹೋಲಿಸಲು ಮಾದರಿ ಸಾಕು. ಅದಕ್ಕಿಂತ ಹೆಚ್ಚು ಹೇಳಿಸಬಾರದು.

ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಮೇಲೆ ನೂರಕ್ಕೂ ಹೆಚ್ಚು ಊರುಗಳಿಗೆ ಅಂಥ ದಾರಿ ಆಯಿತು. ಆದರೂ ಮಲೆನಾಡಿನಲ್ಲಿ ಅಡಕೆಮರದ ಕಾಲುಸಂಕದ ಮೇಲೆ ಶಾಲೆಗೆ ಹೋಗುವ ಮಕ್ಕಳು ಇನ್ನೂ ಇದ್ದಾರೆ. ಆ ಭಾಗದ ಕಾಲೇಜಿನ ತಂಡವೊಂದು ಇಂಥ ಒಂದು ಹಳ್ಳವನ್ನು ಆರಿಸಿಕೊಂಡು, ಅದರ ಅಡ್ಡಸೀಳು ಮತ್ತು ಇಳಿಜಾರನ್ನು ಅಳೆದು, ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಮನೆಯವರಿಂದ ಗುರುತು ಮಾಡಿಸಿಕೊಂಡು, ತೇಲಿಬರುವ ಮರದ ದಿಮ್ಮಿ ತಾಗದಷ್ಟು ಎತ್ತರಕ್ಕೆ ಒಂದು ಸಂಕದ ನಕ್ಷೆ ಬರೆದು ಗ್ರಾಮ ಪಂಚಾಯಿತಿಗೆ ಕೊಟ್ಟರೆ, ಅದರ ಅಂದಾಜುಪಟ್ಟಿ ಮಾಡಲು ಬರುವ ಎಂಜಿನಿಯರ್‌ಗೆ ಅರ್ಧ ಕೆಲಸ ಮುಗಿದಿರುತ್ತದೆ.